ದ್ರಾವಣದ ಬಣ್ಣದಿಂದ ಕ್ವಾಂಟಮ್ ಡಾಟ್‌ನ ಗಾತ್ರ ಅಳೆಯುವುದು ಹೇಗೆ

ಕ್ಯಾಡ್ಮಿಯಂ ಸೆಲೆನೈಡ್‌ನ ದೊಡ್ಡ ಹರಳು ಕಪ್ಪಗಿರುತ್ತದೆ. ಅದೇ ವಸ್ತುವಿನ 3 ನ್ಯಾನೋಮೀಟರ್ ಅಗಲದ ಕಣಗಳನ್ನು, ಅಂದರೆ ಕ್ವಾಂಟಮ್ ಡಾಟ್‌ಗಳನ್ನು, ಟಾಲ್ಯೂಯಿನ್‌ನಲ್ಲಿ ಕರಗಿಸಿಟ್ಟರೆ ದ್ರಾವಣ ಕಿತ್ತಳೆ-ಕೆಂಪಾಗಿ ಕಾಣುತ್ತದೆ, ಅದಕ್ಕೆ ಯುವಿ ಟಾರ್ಚ್ ಹಿಡಿದರೆ ಹಳದಿ ಬೆರೆತ ಹಸಿರು ಬೆಳಕು ಹೊಮ್ಮುತ್ತದೆ. ಕಣ 2.3 ನ್ಯಾನೋಮೀಟರ್‌ಗೆ ಇಳಿದರೆ ಬೆಳಕು ಅಪ್ಪಟ ಹಸಿರು. 4.6ಕ್ಕೆ ಏರಿದರೆ ಕೆಂಪಿನ ಕಡೆಗೆ. ಮೂರರಲ್ಲೂ ಒಳಗಿರುವುದು ಅದೇ ಕ್ಯಾಡ್ಮಿಯಂ, ಅದೇ ಸೆಲೆನಿಯಂ, ಅದೇ ಜೋಡಣೆ.

ಬಣ್ಣ ಗಾತ್ರವನ್ನು ಇಷ್ಟು ನಿಖರವಾಗಿ ಹಿಂಬಾಲಿಸುತ್ತದೆ ಎಂದಮೇಲೆ ಬಣ್ಣದಿಂದಲೇ ಗಾತ್ರ ಅಳೆಯಬಹುದು ಅಲ್ವಾ? ಖಂಡಿತ ಅಳೆಯಬಹುದು, ದಿನವೂ ಅಳೆಯುತ್ತಾರೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗೆ, ಅಥವಾ ಯಾರೋ ಅಳೆದುಕೊಟ್ಟ ಸ್ಪೆಕ್ಟ್ರಮ್, ಅಂದರೆ ದ್ರಾವಣ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ಗೆರೆ, ಕೈಯಲ್ಲಿ ಹಿಡಿದು ಮುಂದೇನು ಎಂದು ಕೂತಿರುವವರಿಗೆ ಈ ಲೇಖನ. ಒಂದೇ ಒಂದು ಮಾದರಿ ತೆಗೆದುಕೊಂಡು ಅದರ ಗಾತ್ರವನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕೋಣ. ಎರಡು ಉತ್ತರಗಳೂ ಬೇರೆ ಬೇರೆ ಬರುತ್ತವೆ. ಆ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ಗೊತ್ತಾದರೆ, ಗಾತ್ರ ಬದಲಾದರೆ ಗುಣವೇ ಬದಲಾಗುವ ಈ ಕ್ವಾಂಟಮ್ ಸೈಜ್ ಎಫೆಕ್ಟ್ ಅರ್ಧ ಅರ್ಥವಾದ ಹಾಗೆ.

ಮೊದಲು, ಕಣ ಚಿಕ್ಕದಾದರೆ ಏನಾಗುತ್ತದೆ

ಅರೆವಾಹಕದ ಮೇಲೆ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಿನ ಬ್ಯಾಂಡ್‌ಗೆ ಹಾರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಲ್ ಅಂತ ಹೆಸರು. ಹಾರುವುದಕ್ಕೆ ಬೇಕಾದ ಕನಿಷ್ಠ ಶಕ್ತಿಯೇ ಬ್ಯಾಂಡ್ ಗ್ಯಾಪ್. ದೊಡ್ಡ ಕ್ಯಾಡ್ಮಿಯಂ ಸೆಲೆನೈಡ್ ಹರಳಿನಲ್ಲಿ ಅದು 1.74 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 712 ನ್ಯಾನೋಮೀಟರ್ ತರಂಗಾಂತರದ ಬೆಳಕು. ಅದಕ್ಕಿಂತ ಹೆಚ್ಚು ಶಕ್ತಿಯ ಬೆಳಕನ್ನೆಲ್ಲ ಹರಳು ನುಂಗುತ್ತದೆ. ಕಣ್ಣಿಗೆ ಕಾಣುವ ಬೆಳಕು ಹೆಚ್ಚುಕಮ್ಮಿ ಪೂರ್ತಿ ಅದರಲ್ಲೇ ಬಂತು, ಹಾಗಾಗಿ ಹರಳು ಕಪ್ಪು.

ಹುಟ್ಟಿದ ಎಲೆಕ್ಟ್ರಾನ್ ಮತ್ತು ಹೋಲ್ ಒಂದನ್ನೊಂದು ಸೆಳೆಯುತ್ತಾ ಜೋಡಿಯಾಗಿ ಇರುತ್ತವೆ. ಈ ಜೋಡಿಗೆ ಎಕ್ಸಿಟಾನ್ ಎನ್ನುತ್ತಾರೆ. ಅದಕ್ಕೆ ತನ್ನದೇ ಒಂದು ಸಹಜ ಹರವು ಇದೆ, ಕ್ಯಾಡ್ಮಿಯಂ ಸೆಲೆನೈಡ್‌ನಲ್ಲಿ ಅದರ ಬೋರ್ ತ್ರಿಜ್ಯ ಸುಮಾರು 5.6 ನ್ಯಾನೋಮೀಟರ್. ಈಗ ಕಣದ ತ್ರಿಜ್ಯವೇ 2 ನ್ಯಾನೋಮೀಟರ್ ಇದ್ದರೆ ಈ ಜೋಡಿ ತನ್ನ ಸಹಜ ಗಾತ್ರದಲ್ಲಿ ಇರಲು ಜಾಗವೇ ಇಲ್ಲ. ಎಲೆಕ್ಟ್ರಾನ್ ಒಂದು ಅಲೆ ಕೂಡ ಆಗಿರುವುದರಿಂದ, ಅಲೆಯನ್ನು ಚಿಕ್ಕ ಜಾಗಕ್ಕೆ ಒತ್ತಿ ಕೂರಿಸಿದರೆ ಅದರ ತರಂಗಾಂತರ ಕಿರಿದಾಗಲೇಬೇಕು. ವೀಣೆಯ ತಂತಿಯನ್ನು ಮೆಟ್ಟಿಲ ಮೇಲೆ ಒತ್ತಿ ಗಿಡ್ಡ ಮಾಡಿದರೆ ಸ್ವರ ಏರುವ ಹಾಗೆ ಇಲ್ಲಿ ಶಕ್ತಿ ಏರುತ್ತದೆ. ವ್ಯತ್ಯಾಸ ಏನೆಂದರೆ, ತಂತಿ ಅರ್ಧವಾದರೆ ಅದರ ಕಂಪನ ಎರಡರಷ್ಟಾಗುತ್ತದೆ, ಎಲೆಕ್ಟ್ರಾನ್‌ಗೆ ಸಿಕ್ಕ ಜಾಗ ಅರ್ಧವಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ಈ ವರ್ಗದ ಲೆಕ್ಕವೇ ಎಲ್ಲದರ ಮೂಲ.

1981ರ ಸುಮಾರಿಗೆ ಲೆನಿನ್‌ಗ್ರಾಡ್‌ನಲ್ಲಿ ಅಲೆಕ್ಸಿ ಎಕಿಮೊವ್ ಗಾಜಿನೊಳಗೆ ಬೆಳೆಸಿದ ತಾಮ್ರದ ಕ್ಲೋರೈಡ್ ಕಣಗಳಲ್ಲಿ ಇದನ್ನು ಕಂಡರು. 1983ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಲೂಯಿಸ್ ಬ್ರಸ್ ದ್ರಾವಣದಲ್ಲಿ ತೇಲುವ ಕ್ಯಾಡ್ಮಿಯಂ ಸಲ್ಫೈಡ್ ಕಣಗಳಲ್ಲಿ ಕಂಡರು. 1993ರಲ್ಲಿ ಮೌಂಗಿ ಬವೆಂಡಿ ಅವರ ತಂಡ ಒಂದೇ ಗಾತ್ರದ ಕಣಗಳನ್ನು ಬಿಸಿ ದ್ರಾವಣದಲ್ಲಿ ಬೆಳೆಸುವ ವಿಧಾನ ಕೊಟ್ಟಿತು. ಮೂವರಿಗೂ 2023ರ ರಸಾಯನಶಾಸ್ತ್ರ ನೊಬೆಲ್ ಬಂತು. ನಾವು ಈಗ ಬಳಸುವ ಮೊದಲ ಸೂತ್ರ ಬ್ರಸ್ ಅವರದು.

ಸ್ಪೆಕ್ಟ್ರಮ್ ಸರಿಯಾಗಿ ತೆಗೆಯುವುದು

ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಸ್ಪೆಕ್ಟ್ರಮ್ ಕೆಟ್ಟಿದ್ದರೆ ಉಪಯೋಗವಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕ್ಯಾಡ್ಮಿಯಂ ವಿಷ. ನೈಟ್ರೈಲ್ ಗ್ಲೌಸ್ ಹಾಕಿ, ಟಾಲ್ಯೂಯಿನ್ ಬಾಟಲಿಯನ್ನು ಫ್ಯೂಮ್ ಹುಡ್ ಒಳಗೇ ತೆರೆಯಿರಿ, ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಹೆವಿ ಮೆಟಲ್ ವೇಸ್ಟ್ ಡಬ್ಬಿಗೆ ಹಾಕಿ. ಇದು ಮನೆಯಲ್ಲಿ ಮಾಡುವ ಪ್ರಯೋಗ ಅಲ್ಲ.

ಕ್ಯುವೆಟ್ ಗಾಜಿನದೋ ಕ್ವಾರ್ಟ್ಜ್‌ನದೋ ಆಗಿರಲಿ. ಬಿಸಾಡುವ ಪ್ಲಾಸ್ಟಿಕ್ ಕ್ಯುವೆಟ್‌ಗಳು ಸಾಮಾನ್ಯವಾಗಿ ಪಾಲಿಸ್ಟೈರಿನ್‌ನವು, ಟಾಲ್ಯೂಯಿನ್ ಅದನ್ನು ಕರಗಿಸುತ್ತದೆ. ಗೋಡೆ ಮಂಜಾಗುತ್ತದೆ, ಸ್ಪೆಕ್ಟ್ರಮ್‌ನ ತಳ ಪೂರ್ತಿ ಮೇಲೇರುತ್ತದೆ, ನೀವು ಕಣಗಳೇ ಹಾಳಾಗಿವೆ ಅಂದುಕೊಳ್ಳುತ್ತೀರಿ. ನಮಗೆ ಬೇಕಾದ ಭಾಗ 400 ನ್ಯಾನೋಮೀಟರ್‌ಗಿಂತ ಆಚೆ ಇರುವುದರಿಂದ ಸಾಧಾರಣ ಗಾಜು ಸಾಕು.

ಮೊದಲು ಬರೀ ಟಾಲ್ಯೂಯಿನ್ ಇಟ್ಟು ಬ್ಲ್ಯಾಂಕ್ ತೆಗೆಯಿರಿ. ಆಮೇಲೆ ಮಾದರಿಯ ಒಂದೆರಡು ಹನಿ ಹಾಕಿ ತೆಳು ಮಾಡುತ್ತಾ ಹೋಗಿ, ಕೆಂಪಿನ ಕಡೆಯ ಮೊದಲ ಶಿಖರದ ಅಬ್ಸಾರ್ಬೆನ್ಸ್ 0.1ರಿಂದ 0.5ರ ನಡುವೆ ಬರುವ ಹಾಗೆ ನೋಡಿಕೊಳ್ಳಿ. ಗಟ್ಟಿ ದ್ರಾವಣ ಇಟ್ಟರೆ ಶಿಖರದ ತಲೆ ಚಪ್ಪಟೆಯಾಗಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. 750ರಿಂದ 350ರವರೆಗೆ, 1 ನ್ಯಾನೋಮೀಟರ್ ಹೆಜ್ಜೆಯಲ್ಲಿ, ಸ್ಲಿಟ್ 1 ಅಥವಾ 2 ನ್ಯಾನೋಮೀಟರ್ ಇಟ್ಟು ಸ್ಕ್ಯಾನ್ ಮಾಡಿ.

ಈಗ ಬಂದ ಗೆರೆಯನ್ನು 750ರ ಕಡೆಯಿಂದ ಓದಿ. ಅಲ್ಲಿ ಅದು ಸೊನ್ನೆಗೆ ಅಂಟಿಕೊಂಡಿರಬೇಕು. ಸೊನ್ನೆಯಲ್ಲಿರದೆ ಎಡಕ್ಕೆ ಬಂದಂತೆ ನಿಧಾನವಾಗಿ ಏರುತ್ತಿದ್ದರೆ ಅದು ಹೀರಿಕೆ ಅಲ್ಲ, ಚದುರುವಿಕೆ. ಕಣಗಳು ಗುಂಪುಗೂಡಿವೆ ಅಥವಾ ಕಸ ತೇಲುತ್ತಿದೆ ಎಂದರ್ಥ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಂಡು ಮತ್ತೆ ಅಳೆಯಿರಿ. ಕಂಪ್ಯೂಟರಿನಲ್ಲಿ ತಳವನ್ನು ಸುಮ್ನೆ ಕಳೆದು ಮುಂದೆ ಹೋದರೆ ಓರೆಯಾದ ತಳದ ಮೇಲೆ ಕೂತ ಶಿಖರ ತನ್ನ ಜಾಗದಿಂದ ಸ್ವಲ್ಪ ಸರಿದೇ ಇರುತ್ತದೆ.

ಎಡಕ್ಕೆ ಬರುತ್ತಾ ಮೊದಲು ಸಿಗುವ ಗುಡ್ಡವೇ ನಮಗೆ ಬೇಕಾದ ಶಿಖರ. ಒಳ್ಳೆಯ ಮಾದರಿಯಲ್ಲಿ ಅದರ ಪಕ್ಕ ಸ್ಪಷ್ಟ ತಗ್ಗು ಇರುತ್ತದೆ, ಆಮೇಲೆ ಇನ್ನೊಂದು ಗುಡ್ಡ. ತಗ್ಗು ಇಲ್ಲದೆ ಬರೀ ಭುಜದಂತೆ ಬಾಗಿದ್ದರೆ ಕಣಗಳ ಗಾತ್ರ ಚೆಲ್ಲಾಪಿಲ್ಲಿ ಇದೆ. ಆಗ ಎರಡನೇ ಡಿರೈವೇಟಿವ್ ತೆಗೆದು ಅದರ ತಗ್ಗು ಎಲ್ಲಿದೆ ನೋಡಿದರೆ ಜಾಗ ಸಿಗುತ್ತದೆ, ಆದರೆ ಆ ಸಂಖ್ಯೆ ಸರಾಸರಿಯ ಸುಳಿವು ಅಷ್ಟೇ ಎಂದು ತಿಳಿಯಿರಿ.

ನಮ್ಮ ಉದಾಹರಣೆಗೆ ಶಿಖರ 550 ನ್ಯಾನೋಮೀಟರ್‌ನಲ್ಲಿ ಬಂದಿದೆ ಅಂತ ಇಟ್ಟುಕೊಳ್ಳೋಣ. ಯುವಿ ಟಾರ್ಚಿಗೆ ಹೊಮ್ಮುವ ಬೆಳಕಿನ ಶಿಖರ ಇದಕ್ಕಿಂತ 10–20 ನ್ಯಾನೋಮೀಟರ್ ಆಚೆ ಇರುತ್ತದೆ. ಗಾತ್ರದ ಲೆಕ್ಕಕ್ಕೆ ಅದನ್ನು ಬಳಸಬೇಡಿ, ಹೀರಿಕೆಯ ಶಿಖರವೇ ಬೇಕು.

ಮೊದಲ ದಾರಿ: ಬ್ರಸ್ ಸೂತ್ರ

ಬ್ರಸ್ ಸೂತ್ರದಲ್ಲಿ ಮೂರು ತುಂಡುಗಳಿವೆ. ದೊಡ್ಡ ಹರಳಿನ ಬ್ಯಾಂಡ್ ಗ್ಯಾಪ್, ಅದಕ್ಕೆ ಒತ್ತಿ ಕೂರಿಸಿದ್ದರಿಂದ ಸೇರುವ ಶಕ್ತಿ, ಆಮೇಲೆ ಎಲೆಕ್ಟ್ರಾನ್ ಮತ್ತು ಹೋಲ್ ಒಂದನ್ನೊಂದು ಸೆಳೆಯುವುದರಿಂದ ಕಳೆಯುವ ಶಕ್ತಿ. ಹರಳಿನೊಳಗೆ ಎಲೆಕ್ಟ್ರಾನ್ ತನ್ನ ನಿಜ ತೂಕದ 0.13ರಷ್ಟು, ಹೋಲ್ 0.45ರಷ್ಟು ತೂಗುವಂತೆ ನಡೆದುಕೊಳ್ಳುತ್ತವೆ. ಈ ಸಂಖ್ಯೆಗಳನ್ನೂ 10.6ರ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನೂ ಹಾಕಿ ಸರಳ ಮಾಡಿದರೆ ಕ್ಯಾಡ್ಮಿಯಂ ಸೆಲೆನೈಡ್‌ಗೆ ಸೂತ್ರ ಇಷ್ಟೇ:

```
E = 1.74 + 3.73/R² − 0.24/R
```

`E` ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, `R` ನ್ಯಾನೋಮೀಟರ್‌ನಲ್ಲಿ. `R` ತ್ರಿಜ್ಯ, ವ್ಯಾಸ ಅಲ್ಲ. ಇಲ್ಲಿ ತಪ್ಪುವವರು ಬಹಳ ಜನ.

ಉತ್ತರಕ್ಕೆ ಹೋಗುವ ಮೊದಲು ಬೇರೆ ಬೇರೆ ತ್ರಿಜ್ಯ ಹಾಕಿ ನೋಡಿ. `R` 10 ಆದರೆ ಗ್ಯಾಪ್ ಏರುವುದು 0.013 ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಕೋಣೆಯ ಉಷ್ಣಾಂಶದಲ್ಲಿ ಪರಮಾಣುಗಳ ಕುಲುಕಾಟದ ಶಕ್ತಿಯೇ ಸುಮಾರು 0.025 ಇರುತ್ತದೆ, ಹಾಗಾಗಿ ಇದು ಲೆಕ್ಕಕ್ಕೇ ಬರುವುದಿಲ್ಲ. `R` 5 ಆದರೆ 0.10. `R` 2 ಆದರೆ 0.81! ಹತ್ತರಿಂದ ಐದಕ್ಕೆ ಇಳಿದಾಗ ಹೆಚ್ಚೇನೂ ಆಗಲಿಲ್ಲ, ಐದರಿಂದ ಎರಡಕ್ಕೆ ಬಂದಾಗ ಬಣ್ಣವೇ ಬದಲಾಯಿತು. ‘ಕೆಲವೇ ನ್ಯಾನೋಮೀಟರ್’ ಅನ್ನುವ ಮಾತು ಎಲ್ಲಿಂದ ಬಂತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಗಡಿ ಎಲ್ಲ ವಸ್ತುಗಳಿಗೂ ಒಂದೇ ಅಲ್ಲ. ಸೀಸದ ಸಲ್ಫೈಡ್‌ನಲ್ಲಿ ಎಕ್ಸಿಟಾನ್ ಬಹಳ ದೊಡ್ಡದು, ಅದರ ಬೋರ್ ತ್ರಿಜ್ಯ ಸುಮಾರು 18 ನ್ಯಾನೋಮೀಟರ್, ಆದ್ದರಿಂದ ಅಲ್ಲಿ ಬದಲಾವಣೆ ದೊಡ್ಡ ಕಣಗಳಲ್ಲೇ ಶುರುವಾಗುತ್ತದೆ. ಎಕಿಮೊವ್ ನೋಡಿದ ತಾಮ್ರದ ಕ್ಲೋರೈಡ್‌ನಲ್ಲಿ ಅದು ಸುಮಾರು 0.7 ಮಾತ್ರ.

ಈಗ ನಮ್ಮ ಮಾದರಿ. 550 ನ್ಯಾನೋಮೀಟರ್ ಅಂದರೆ 1239.84 ಭಾಗಿಸು 550, 2.254 ಎಲೆಕ್ಟ್ರಾನ್ ವೋಲ್ಟ್. ದೊಡ್ಡ ಹರಳಿಗಿಂತ 0.514 ಜಾಸ್ತಿ. `3.73/R² − 0.24/R = 0.514` ಅನ್ನುವ ವರ್ಗ ಸಮೀಕರಣ ಬಿಡಿಸಿದರೆ `R` 2.47 ಬರುತ್ತದೆ. ವ್ಯಾಸ 4.9 ನ್ಯಾನೋಮೀಟರ್.

ಎರಡನೇ ದಾರಿ: ಅಳತೆಯಿಂದ ಬಂದ ಸೂತ್ರ

2003ರಲ್ಲಿ ರಸಾಯನವಿಜ್ಞಾನಿ ಪೆಂಗ್ ಅವರ ತಂಡ ಬೇರೆ ಬೇರೆ ಗಾತ್ರದ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದ ವ್ಯಾಸಗಳನ್ನೂ ಅವುಗಳ ಹೀರಿಕೆಯ ಶಿಖರಗಳನ್ನೂ ಒಟ್ಟಿಗಿಟ್ಟು ಒಂದು ಗೆರೆ ಹೊಂದಿಸಿಕೊಟ್ಟಿತು. ಇದರಲ್ಲಿ ಸಿದ್ಧಾಂತ ಇಲ್ಲ, ಅಳತೆ ಮಾತ್ರ. ಲ್ಯಾಬುಗಳಲ್ಲಿ ಜನ ಬಳಸುವುದು ಇದನ್ನೇ.

```python
lam = 550.0
E = 1239.84 / lam
D = (1.6122e-9*lam**4 - 2.6575e-6*lam**3
     + 1.6242e-3*lam**2 - 0.4277*lam + 41.57)
print(round(E, 3), round(D, 2))
```

ಉತ್ತರ `2.254 3.04`. ಇಲ್ಲಿ `D` ವ್ಯಾಸ, ನ್ಯಾನೋಮೀಟರ್‌ನಲ್ಲಿ. ಅದೇ ಕೋಡಿಗೆ 500 ಕೊಟ್ಟರೆ 2.3, 600 ಕೊಟ್ಟರೆ 4.6 ಬರುತ್ತದೆ. ನಿಮ್ಮ ಕೋಡ್ ಸರಿ ಇದೆಯೋ ಇಲ್ಲವೋ ಅಂತ ಈ ಎರಡು ಸಂಖ್ಯೆಗಳಿಂದ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಗುಣಾಂಕಗಳ ಒಂದು ಅಂಕಿಯನ್ನೂ ದುಂಡು ಮಾಡಬೇಡಿ. 550ಕ್ಕೆ ಐದು ಪದಗಳನ್ನು ಬಿಡಿಬಿಡಿಯಾಗಿ ಬರೆದರೆ ಸುಮಾರು 147, −442, 491, −235, 42 ಆಗುತ್ತವೆ. ದೊಡ್ಡ ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ 3 ಉಳಿಯುತ್ತದೆ. 0.4277 ಅನ್ನು 0.43 ಅಂತ ಬರೆದುಬಿಟ್ಟರೆ ಅಷ್ಟರಿಂದಲೇ ಉತ್ತರ 1.27 ನ್ಯಾನೋಮೀಟರ್ ಕುಸಿಯುತ್ತದೆ, 3.04 ಬದಲು 1.8ರ ಹತ್ತಿರ ಬರುತ್ತದೆ, ಮತ್ತೆ 1.8 ಅನ್ನುವುದು ನಂಬುವಂಥ ಗಾತ್ರವೇ ಆಗಿರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಇಂಥ ಹೊಂದಿಸಿದ ಗೆರೆಗಳನ್ನು ಅವುಗಳ ವ್ಯಾಪ್ತಿಯ ಆಚೆಗೂ ಎಳೆಯಬಾರದು. 450ರಿಂದ 650ರ ನಡುವೆ ಇದ್ದರೆ ಧೈರ್ಯವಾಗಿ ಬಳಸಿ.

4.9 ಮತ್ತು 3.0: ಯಾಕಿಷ್ಟು ಅಂತರ?

ಒಂದೇ ಮಾದರಿ, ಒಂದೇ ಶಿಖರ. ಬ್ರಸ್ ಸೂತ್ರ 4.9 ಎನ್ನುತ್ತದೆ, ಸೂಕ್ಷ್ಮದರ್ಶಕ 3.0 ಎನ್ನುತ್ತದೆ. ಸರಿ ಇರುವುದು ಸೂಕ್ಷ್ಮದರ್ಶಕ. ನಿಜವಾದ 3.04 ನ್ಯಾನೋಮೀಟರ್ ವ್ಯಾಸವನ್ನು ಬ್ರಸ್ ಸೂತ್ರಕ್ಕೆ ಕೊಟ್ಟರೆ ಅದು 3.2 ಎಲೆಕ್ಟ್ರಾನ್ ವೋಲ್ಟ್ ಎನ್ನುತ್ತದೆ, ನೇರಳೆಯ ಅಂಚಿಗೇ ಹೋಗಿಬಿಡುತ್ತದೆ. ಅಂದರೆ ಒತ್ತಿ ಕೂರಿಸಿದ್ದರಿಂದ ಸೇರುವ ಶಕ್ತಿಯನ್ನು ಸೂತ್ರ ಬಹಳ ಜಾಸ್ತಿ ಲೆಕ್ಕ ಹಾಕುತ್ತಿದೆ.

ಕಾರಣ ಎರಡು. ಸೂತ್ರದ ಪ್ರಕಾರ ಕಣದ ಗೋಡೆ ಅನಂತ ಎತ್ತರ, ಎಲೆಕ್ಟ್ರಾನ್ ಅಲೆ ಗೋಡೆಯಲ್ಲಿ ಪಕ್ಕಾ ಸೊನ್ನೆ. ನಿಜದಲ್ಲಿ ಗೋಡೆಗೆ ಮಿತಿ ಇದೆ, ಅಲೆಯ ಅಂಚು ಹೊರಗಿನ ಸಾವಯವ ಹೊದಿಕೆಯೊಳಕ್ಕೆ ಸ್ವಲ್ಪ ಸೋರುತ್ತದೆ. ಅಲೆಗೆ ಸಿಕ್ಕ ಜಾಗ ಕಣಕ್ಕಿಂತ ತುಸು ದೊಡ್ಡದಾಯಿತು, ಶಕ್ತಿ ಇಳಿಯಿತು. ಎರಡನೆಯದು, 0.13 ಅನ್ನುವ ತೂಕ ಬ್ಯಾಂಡ್‌ನ ತಳದಲ್ಲಿ ಮಾತ್ರ ಸರಿ. ಒತ್ತಿ ಮೇಲೆತ್ತಿದ ಎಲೆಕ್ಟ್ರಾನ್ ತಳದಿಂದ ದೂರ ಹೋದಂತೆ ಜಾಸ್ತಿ ತೂಗುವಂತೆ ನಡೆದುಕೊಳ್ಳುತ್ತದೆ, ತೂಕ ಹೆಚ್ಚಾದರೆ ಒತ್ತಿ ಕೂರಿಸಿದ್ದರಿಂದ ಸೇರುವ ಶಕ್ತಿ ಕಡಿಮೆ.

ಎರಡೂ ದೋಷ ಚಿಕ್ಕ ಕಣದಲ್ಲಿ ಜಾಸ್ತಿ ಕಾಡುತ್ತವೆ. ಲೆಕ್ಕದಲ್ಲೇ ನೋಡಬಹುದು. 600ರ ಶಿಖರಕ್ಕೆ ಬ್ರಸ್ 6.1 ಎನ್ನುತ್ತದೆ, ಅಳತೆ 4.6. 500ಕ್ಕೆ ಬ್ರಸ್ 4.2, ಅಳತೆ 2.3. ಅಲ್ಲಿ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು, ಇಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಅದಕ್ಕೇ ನನ್ನ ಅಭಿಪ್ರಾಯ: ಬ್ರಸ್ ಸೂತ್ರವನ್ನು ಯಾಕೆ ಅನ್ನುವುದನ್ನು ತಿಳಿಯಲು ಇಟ್ಟುಕೊಳ್ಳಿ, ಎಷ್ಟು ಅನ್ನುವುದಕ್ಕೆ ಬಳಸಬೇಡಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬ್ರಸ್‌ನಿಂದ ಬಂದ ವ್ಯಾಸವನ್ನೇ ಕೊನೆಯ ಉತ್ತರ ಅಂತ ಬರೆದರೆ ಅದು ತಪ್ಪು ಉತ್ತರ.

ಸಿದ್ಧಾಂತವನ್ನೇ ಸರಿಮಾಡುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಮೀರ್ ಸಾಪ್ರಾ ಮತ್ತು ಡಿ.ಡಿ. ಸರ್ಮಾ 2004ರಲ್ಲಿ ಪ್ರಕಟಿಸಿದ ಕೆಲಸ ಇಂಥದ್ದು. ಕಣವನ್ನು ಪೆಟ್ಟಿಗೆ ಅಂತ ನೋಡದೆ ಪರಮಾಣುಗಳ ಜೋಡಣೆ ಅಂತಲೇ ಇಟ್ಟು, ಟೈಟ್ ಬೈಂಡಿಂಗ್ ವಿಧಾನದಿಂದ ಕ್ಯಾಡ್ಮಿಯಂ ಸೆಲೆನೈಡ್‌ನಂಥ ಅರೆವಾಹಕಗಳ ಗ್ಯಾಪ್ ಗಾತ್ರದೊಂದಿಗೆ ಹೇಗೆ ಬದಲಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅಳತೆಗಳಿಗೆ ಅದು ಬ್ರಸ್ ಸೂತ್ರಕ್ಕಿಂತ ಬಹಳ ಹತ್ತಿರ ಬರುತ್ತದೆ.

ಉತ್ತರವನ್ನು ಎಷ್ಟು ನಂಬಬಹುದು

550ರ ಹತ್ತಿರ ಶಿಖರ 1 ನ್ಯಾನೋಮೀಟರ್ ಸರಿದರೆ ವ್ಯಾಸ 0.02 ನ್ಯಾನೋಮೀಟರ್ ಬದಲಾಗುತ್ತದೆ. ಕ್ಯಾಡ್ಮಿಯಂ ಸೆಲೆನೈಡ್‌ನ ಒಂದು ಪದರವೇ ಸುಮಾರು 0.35 ನ್ಯಾನೋಮೀಟರ್ ದಪ್ಪ. ಅಂದರೆ ವ್ಯಾಸಕ್ಕೆ ಒಂದು ಪದರ ಸೇರಿದರೆ ಶಿಖರ 17 ನ್ಯಾನೋಮೀಟರ್‌ನಷ್ಟು ಓಡುತ್ತದೆ. 3.04 ಅಂತ ಬರೆಯುವುದರಲ್ಲಿ ಅರ್ಥವಿಲ್ಲ, 3.0 ಅಂತ ಬರೆಯಿರಿ. ನಿಮ್ಮ ಸೀಸೆಯಲ್ಲಿರುವುದು ಒಂದು ಗಾತ್ರ ಅಲ್ಲ, ಗಾತ್ರಗಳ ಗುಂಪು. ವ್ಯಾಸದಲ್ಲಿ ಶೇ. 5 ಹರವು ಇದ್ದರೂ ಅಷ್ಟರಿಂದಲೇ ಶಿಖರ ಎರಡೂ ಕಡೆ ಏಳೆಂಟು ನ್ಯಾನೋಮೀಟರ್ ಅಗಲವಾಗುತ್ತದೆ.

ಸೂಕ್ಷ್ಮದರ್ಶಕ ಸಿಕ್ಕರೆ ಒಮ್ಮೆ ತಾಳೆ ನೋಡಿ. ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್‌ನಿಂದ ತಾಳೆ ನೋಡಬೇಡಿ, ಅದು ಕಣದ ಜೊತೆ ಅದರ ಸಾವಯವ ಹೊದಿಕೆಯನ್ನೂ ಸೇರಿಸಿ ಅಳೆಯುತ್ತದೆ, ಸಂಖ್ಯೆ ದೊಡ್ಡದೇ ಬರುತ್ತದೆ.

ಇನ್ನು ಈ ಲೆಕ್ಕ ಬರೀ ಕ್ಯಾಡ್ಮಿಯಂ ಸೆಲೆನೈಡ್ ಕಣಕ್ಕೆ ಮಾತ್ರ. ಕೊಂಡು ತಂದ ಡಾಟ್‌ಗಳ ಮೇಲೆ ಬಹಳ ಸಲ ಸತು ಸಲ್ಫೈಡ್‌ನ ಚಿಪ್ಪು ಇರುತ್ತದೆ. ಚಿಪ್ಪಿನೊಳಕ್ಕೆ ಅಲೆ ಸೋರಿ ಶಿಖರ ಕೆಂಪಿನ ಕಡೆ ಸರಿಯುತ್ತದೆ, ನೀವು ತಿರುಳನ್ನು ದೊಡ್ಡದು ಅಂದುಕೊಳ್ಳುತ್ತೀರಿ. ಚಿಪ್ಪು ಹಾಕುವ ಮೊದಲೇ ತೆಗೆದ ಸ್ಪೆಕ್ಟ್ರಮ್ ಕೇಳಿ ಪಡೆಯಿರಿ. ಟಿವಿಗಳಲ್ಲಿ ಬಳಸುವ ಇಂಡಿಯಂ ಫಾಸ್ಫೈಡ್ ಕಣಗಳಿಗೆ ಗೆರೆಯೇ ಬೇರೆ.

ಸೀಸೆ ಹಳೆಯದಾದಾಗಲೂ ನೋಡಿ. 3 ನ್ಯಾನೋಮೀಟರ್ ಕಣದಲ್ಲಿ ಕ್ಯಾಡ್ಮಿಯಂ-ಸೆಲೆನಿಯಂ ಜೋಡಿಗಳು ಸುಮಾರು 260 ಮಾತ್ರ, ಅದರಲ್ಲಿ ಅರ್ಧದಷ್ಟು ಮೇಲ್ಮೈಯಲ್ಲೇ ಇವೆ. ಬೆಳಕು ಮತ್ತು ಗಾಳಿ ತಾಗಿದರೆ ಮೇಲ್ಮೈ ಆಕ್ಸೈಡ್ ಆಗಿ ತಿರುಳು ಸವೆಯುತ್ತದೆ, ಶಿಖರ ನೀಲಿಯ ಕಡೆ ಸರಿಯುತ್ತದೆ. ಜೊತೆಗೆ ಹೊಮ್ಮುವ ಬೆಳಕಿನಲ್ಲಿ ಚೂಪು ಶಿಖರದ ಆಚೆ ಕೆಂಪಿನ ಕಡೆ ಅಗಲವಾದ ಮಂಕು ದಿಬ್ಬ ಕಾಣಿಸಿಕೊಂಡರೆ, ಮೇಲ್ಮೈಯ ಮುರಿದ ಬಂಧಗಳು ಎಲೆಕ್ಟ್ರಾನ್ ಅಥವಾ ಹೋಲನ್ನು ಹಿಡಿದಿಟ್ಟುಕೊಳ್ಳುತ್ತಿವೆ ಎಂದು ತಿಳಿಯಿರಿ. ಇದು ಗಾತ್ರದ ಪರಿಣಾಮ ಅಲ್ಲ, ಮೇಲ್ಮೈಯ ಪರಿಣಾಮ.

ಚಿನ್ನದ ದ್ರಾವಣಕ್ಕೆ ಇದೇ ಲೆಕ್ಕ ಹಾಕಬೇಡಿ

ಕಾಲೇಜುಗಳಲ್ಲಿ ಸುಲಭವಾಗಿ ಮಾಡುವುದು ಚಿನ್ನದ ಕೆಂಪು ದ್ರಾವಣ. ಅದನ್ನು ತೋರಿಸಿ ‘ಇದೇ ಕ್ವಾಂಟಮ್ ಸೈಜ್ ಎಫೆಕ್ಟ್’ ಎಂದು ಹೇಳುವುದನ್ನು ತುಂಬಾ ಕಡೆ ಕೇಳಿದ್ದೇನೆ. ಅದು ಸರಿಯಲ್ಲ. 15–20 ನ್ಯಾನೋಮೀಟರ್ ಚಿನ್ನದ ಕಣದ ಕೆಂಪು ಬಣ್ಣ, ಅದರ ಸ್ವತಂತ್ರ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ಬೆಳಕಿನ ಜೊತೆ ಓಲಾಡುವುದರಿಂದ ಬರುತ್ತದೆ. ಶಿಖರ 520 ನ್ಯಾನೋಮೀಟರ್ ಹತ್ತಿರ ಇರುತ್ತದೆ, ಕಣ 10 ಇದ್ದರೂ 20 ಇದ್ದರೂ ಹೆಚ್ಚು ಕದಲುವುದಿಲ್ಲ.

ಲೋಹದಲ್ಲಿ ನಿಜವಾದ ಗಾತ್ರದ ಪರಿಣಾಮ ಇನ್ನೂ ಕೆಳಗೆ ಶುರುವಾಗುತ್ತದೆ. ಲೋಹದಲ್ಲಿ ಶಕ್ತಿಯ ಮಟ್ಟಗಳು ಒತ್ತೊತ್ತಾಗಿ ಇರುತ್ತವೆ. ಎರಡು ಮಟ್ಟಗಳ ನಡುವಿನ ಅಂತರವನ್ನು ಕುಬೊ ಸೂತ್ರ ಅಂದಾಜು ಮಾಡುತ್ತದೆ, `4E_F/3N`, ಇಲ್ಲಿ `N` ಪರಮಾಣುಗಳ ಸಂಖ್ಯೆ. ಚಿನ್ನಕ್ಕೆ `E_F` 5.5 ಎಲೆಕ್ಟ್ರಾನ್ ವೋಲ್ಟ್. ಈ ಅಂತರ 0.025ಕ್ಕಿಂತ, ಅಂದರೆ ಕೋಣೆಯ ಉಷ್ಣಾಂಶದ ಕುಲುಕಾಟಕ್ಕಿಂತ ದೊಡ್ಡದಾಗಬೇಕಾದರೆ `N` ಸುಮಾರು 300ಕ್ಕಿಂತ ಕಡಿಮೆ ಇರಬೇಕು. ಅಷ್ಟು ಚಿನ್ನದ ಪರಮಾಣುಗಳ ಉಂಡೆ ಸುಮಾರು 2 ನ್ಯಾನೋಮೀಟರ್ ಅಗಲ. ಅದಕ್ಕಿಂತ ಚಿಕ್ಕ ಕಣಗಳಲ್ಲಿ 520ರ ಶಿಖರ ಮಾಯವಾಗುತ್ತದೆ, 25 ಪರಮಾಣುಗಳ ಚಿನ್ನದ ಗುಂಪಿನ ಸ್ಪೆಕ್ಟ್ರಮ್ ಲೋಹದ್ದಕ್ಕಿಂತ ಒಂದು ಅಣುವಿನದ್ದರ ಹಾಗೆಯೇ ಬಿಡಿಬಿಡಿ ಗುಡ್ಡಗಳಾಗಿ ಕಾಣುತ್ತದೆ. ನಿಮ್ಮ ಚಿನ್ನದ ದ್ರಾವಣದಲ್ಲಿ 520ರ ಶಿಖರ ಇನ್ನೂ ಗಟ್ಟಿಯಾಗಿ ನಿಂತಿದ್ದರೆ ಕಣಗಳು ಆ ಗಡಿಗೆ ಇಳಿದಿಲ್ಲ.